ಸರಾಸರಿ ವೆಚ್ಚದ ತಳ ಹುಡುಕುವುದು: ಭಾಗಲಬ್ಧ ನಿಯಮದ ದಾರಿ

ಅರ್ಥಶಾಸ್ತ್ರದ ಪಠ್ಯದಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ದೋಣಿಯಂತೆ ಬಾಗಿದ ಸರಾಸರಿ ವೆಚ್ಚದ ರೇಖೆ, ಅದನ್ನು ಕೆಳಗಿನಿಂದ ಬಂದು ಕತ್ತರಿಸುವ ಸೀಮಾಂತ ವೆಚ್ಚದ ರೇಖೆ. ಕತ್ತರಿಸುವ ಜಾಗ ಸರಿಯಾಗಿ ದೋಣಿಯ ತಳ. ಪಿಯುಸಿ, ಬಿ.ಕಾಂ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ. ಆದರೆ ಅಲ್ಲೇ ಯಾಕೆ ಕತ್ತರಿಸಬೇಕು, ಸ್ವಲ್ಪ ಆಚೀಚೆ ಯಾಕಾಗಬಾರದು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಉತ್ತರ ಮೂರು ಸಾಲಿನದು. ಭಾಗಲಬ್ಧ ನಿಯಮ, ಅಂದರೆ ಕ್ಲಾಸಿನಲ್ಲಿ ಕೋಶೆಂಟ್ ರೂಲ್ ಅನ್ನುತ್ತೇವಲ್ಲ, ಅದೊಂದು ಗೊತ್ತಿದ್ದರೆ ಸಾಕು. ಆ ಮೂರು ಸಾಲನ್ನು ನಿಧಾನವಾಗಿ ಓದಿದರೆ ತಳ ಎಲ್ಲಿದೆ, ಒಂದೇ ಇದೆಯಾ, ಇಲ್ಲವೇ ಇಲ್ಲವಾ ಎಂಬುದೂ ತಿಳಿಯುತ್ತದೆ.

ಮೊದಲು ಲೆಕ್ಕ ಕಟ್ಟಿಕೊಳ್ಳಿ

ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಒಂದು ಸಣ್ಣ ಘಟಕ ಇದೆ ಎಂದುಕೊಳ್ಳೋಣ. ತೋಟದಲ್ಲಿ ಬಿದ್ದ ಹಾಳೆ ತಂದು, ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುವ ಕೆಲಸ. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನು ಇಟ್ಟುಕೊಂಡವು, ಯಾವುದೇ ಘಟಕದ ಪುಸ್ತಕದಿಂದ ತೆಗೆದದ್ದಲ್ಲ.

ದಿನಕ್ಕೆ ಶೆಡ್ಡಿನ ಬಾಡಿಗೆ, ಯಂತ್ರದ ಸಾಲದ ಕಂತು ಎಲ್ಲ ಸೇರಿ 1,600 ರೂಪಾಯಿ. ಒಂದೂ ತಟ್ಟೆ ಮಾಡದಿದ್ದರೂ ಇದು ಖರ್ಚೇ. ಇದು ಸ್ಥಿರ ವೆಚ್ಚ. ನೂರು ತಟ್ಟೆಗೆ ಹಾಳೆ, ಕೂಲಿ, ಕರೆಂಟು ಸೇರಿ 150 ರೂಪಾಯಿ. ಇನ್ನೊಂದು ಖರ್ಚು ಇದೆ. ತಟ್ಟೆ ಜಾಸ್ತಿ ಮಾಡುತ್ತಾ ಹೋದಂತೆ ಹತ್ತಿರದ ತೋಟದ ಹಾಳೆ ಮುಗಿದು ದೂರದಿಂದ ತರಿಸಬೇಕಾಗುತ್ತದೆ. ಹೊತ್ತು ಮೀರಿ ಕೆಲಸ ಮಾಡಿಸಿದರೆ ಹೆಚ್ಚುವರಿ ಕೂಲಿ ಕೊಡಬೇಕು. ಅವಸರದಲ್ಲಿ ಒಡೆದು ಹಾಳಾಗುವ ತಟ್ಟೆಗಳೂ ಹೆಚ್ಚುತ್ತವೆ. ಈ ಭಾಗ ತಟ್ಟೆಯ ಸಂಖ್ಯೆಗಿಂತ ವೇಗವಾಗಿ ಏರುತ್ತದೆ. ಅದನ್ನು ವರ್ಗದ ಪದವಾಗಿ ಬರೆಯುತ್ತೇವೆ. ಇಲ್ಲಿ q ಅಂದರೆ ದಿನಕ್ಕೆ ಎಷ್ಟು ನೂರು ತಟ್ಟೆ ಎಂಬ ಲೆಕ್ಕ.

```
C(q) = 1600 + 150q + 4q²
```

ಇದು ಒಟ್ಟು ವೆಚ್ಚ. ಇದರಿಂದ ಎರಡು ಹೊಸ ಲೆಕ್ಕ ಹುಟ್ಟುತ್ತವೆ. ಒಟ್ಟು ವೆಚ್ಚವನ್ನು q ಇಂದ ಭಾಗಿಸಿದರೆ ಸರಾಸರಿ ವೆಚ್ಚ, ಅಂದರೆ ನೂರು ತಟ್ಟೆಗೆ ಬಿದ್ದ ಅಸಲು. ಒಟ್ಟು ವೆಚ್ಚದ ಡೆರಿವೇಟಿವ್ ತೆಗೆದರೆ ಸೀಮಾಂತ ವೆಚ್ಚ, ಅಂದರೆ ಈಗ ಇರುವ ಜಾಗದಿಂದ ಸ್ವಲ್ಪ ಮುಂದೆ ಹೋದರೆ ಖರ್ಚು ಯಾವ ದರದಲ್ಲಿ ಏರುತ್ತದೆ ಎಂಬುದು.

```
AC(q) = C(q)/q = 1600/q + 150 + 4q
MC(q) = C'(q) = 150 + 8q
```

ಸೀಮಾಂತ ವೆಚ್ಚದಲ್ಲಿ 1,600 ಎಲ್ಲೂ ಕಾಣುವುದಿಲ್ಲ, ಗಮನಿಸಿ. ಸ್ಥಿರ ಸಂಖ್ಯೆಯ ಡೆರಿವೇಟಿವ್ ಸೊನ್ನೆ. ಇದು ಮುಂದೆ ಬೇಕಾಗುತ್ತದೆ.

ಭಾಗಲಬ್ಧ ನಿಯಮ ಹಾಕಿ

ಈಗ ನಮ್ಮ ತಟ್ಟೆಯ ಅಂಕಿಗಳನ್ನು ಪಕ್ಕಕ್ಕಿಡಿ. ಯಾವ ವೆಚ್ಚವಾದರೂ ಆಗಲಿ, ಅದು C(q). ಸರಾಸರಿ ವೆಚ್ಚ ಒಂದು ಭಾಗಲಬ್ಧ: ಮೇಲೆ C(q), ಕೆಳಗೆ q. ನಿಯಮ ಹೇಳುವುದು ಇಷ್ಟು: ಕೆಳಗಿನದು ಗುಣಿಸು ಮೇಲಿನದರ ಡೆರಿವೇಟಿವ್, ಅದರಿಂದ ಮೇಲಿನದು ಗುಣಿಸು ಕೆಳಗಿನದರ ಡೆರಿವೇಟಿವ್ ಕಳೆಯಿರಿ, ಕೆಳಗಿನದರ ವರ್ಗದಿಂದ ಭಾಗಿಸಿ. ಕೆಳಗಿರುವ q ನ ಡೆರಿವೇಟಿವ್ 1.

```
AC'(q) = [ q·C'(q) − C(q)·1 ] / q²
       = (1/q)·[ C'(q) − C(q)/q ]
       = (1/q)·[ MC(q) − AC(q) ]
```

ಎರಡನೇ ಸಾಲಿನಲ್ಲಿ ಏನಾಯಿತು? ಕೆಳಗಿನ q² ನಲ್ಲಿ ಒಂದು q ಅನ್ನು ಒಳಗೆ ಕಳಿಸಿ ಎರಡೂ ಪದಗಳನ್ನು ಅದರಿಂದ ಭಾಗಿಸಿದೆವು. ಮೊದಲ ಪದ ಬರಿಯ C'(q) ಆಗಿ ಉಳಿಯಿತು, ಅದೇ ಸೀಮಾಂತ ವೆಚ್ಚ. ಎರಡನೆಯದು C(q)/q ಆಯಿತು, ಅದೇ ಸರಾಸರಿ ವೆಚ್ಚ. ಸಾಧನೆಯ ಜೀವ ಇರುವುದು ಈ ಸಾಲಿನಲ್ಲೇ. ಪರೀಕ್ಷೆಯಲ್ಲಿ ತುಂಬ ಜನ ಮೊದಲ ಸಾಲಿನಿಂದ ಸೀದಾ ಕೊನೆಗೆ ಜಿಗಿಯುತ್ತಾರೆ. ಆಗ ತಾವೇನು ಸಾಧಿಸಿದೆವು ಅನ್ನುವುದು ಅವರಿಗೇ ಕಾಣುವುದಿಲ್ಲ.

ಉತ್ಪಾದನೆ ಇರುವಾಗ q ಯಾವಾಗಲೂ ಸೊನ್ನೆಗಿಂತ ಹೆಚ್ಚು. ಹಾಗಾಗಿ 1/q ಕೂಡ ಧನ ಸಂಖ್ಯೆ. ಸರಾಸರಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತೀರ್ಮಾನಿಸುವುದು ಕಂಸದ ಒಳಗಿನ ವ್ಯತ್ಯಾಸ ಒಂದೇ. ಸೀಮಾಂತ ವೆಚ್ಚ ಸರಾಸರಿಗಿಂತ ಕಡಿಮೆ ಇದ್ದರೆ ಸರಾಸರಿ ಇಳಿಯುತ್ತದೆ. ಹೆಚ್ಚಿದ್ದರೆ ಏರುತ್ತದೆ. ಸಮನಾದ ಕಡೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಇದನ್ನು ಮನಸ್ಸಿಗೆ ಹಚ್ಚಲು ಡಾನ್ ಬ್ರಾಡ್ಮನ್ ಅವರ ಟೆಸ್ಟ್ ಲೆಕ್ಕ ಚೆನ್ನಾಗಿದೆ. 1948ರಲ್ಲಿ ಓವಲ್ ಮೈದಾನದ ಕೊನೆಯ ಇನಿಂಗ್ಸ್‌ಗೆ ಇಳಿಯುವಾಗ ಅವರು ಹೊಡೆದಿದ್ದ ರನ್ 6,996, ಔಟಾಗಿದ್ದು 69 ಸಲ. ಸರಾಸರಿ 101.39. ಆ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು. ಹೊಸದಾಗಿ ಸೇರಿದ್ದು 0, ಅದು 101.39ಕ್ಕಿಂತ ಕಡಿಮೆ, ಸರಾಸರಿ 99.94ಕ್ಕೆ ಇಳಿಯಿತು. ಇಲ್ಲಿ ಕೊನೆಯ ಇನಿಂಗ್ಸ್‌ನ ರನ್ ಸೀಮಾಂತ. 101ಕ್ಕಿಂತ ಸ್ವಲ್ಪ ಹೆಚ್ಚು ಹೊಡೆದು ಔಟಾಗಿದ್ದರೆ ಸರಾಸರಿ ಇದ್ದಲ್ಲೇ ನಿಲ್ಲುತ್ತಿತ್ತು.

ಸಮನಾದ ಕಡೆಯೆಲ್ಲ ತಳವೇ?

ಅಲ್ಲ. ಡೆರಿವೇಟಿವ್ ಸೊನ್ನೆ ಆಯಿತು ಎಂದರೆ ರೇಖೆ ಅಲ್ಲಿ ಮಟ್ಟವಾಗಿದೆ ಎಂದಷ್ಟೇ ಅರ್ಥ. ಅದು ಗುಡ್ಡದ ತುದಿಯೂ ಆಗಿರಬಹುದು. ತಳವೇ ಎಂದು ತೋರಿಸಲು ಇನ್ನೊಂದು ಹೆಜ್ಜೆ ಬೇಕು. ಪುಸ್ತಕಗಳು ಇಲ್ಲಿ ಎರಡನೇ ಡೆರಿವೇಟಿವ್‌ಗೆ ಮತ್ತೆ ಭಾಗಲಬ್ಧ ನಿಯಮ ಹಾಕಿ ದೊಡ್ಡ ಲೆಕ್ಕ ಮಾಡುತ್ತವೆ. ನನಗೆ ಅದಕ್ಕಿಂತ ಅಂಶವನ್ನು ಮಾತ್ರ ನೋಡುವ ದಾರಿ ಇಷ್ಟ. ಕೆಲಸ ಕಡಿಮೆ, ಹೇಳುವುದು ಜಾಸ್ತಿ.

ಭಾಗಲಬ್ಧ ನಿಯಮದ ಮೊದಲ ಸಾಲಿಗೆ ವಾಪಸ್ ಹೋಗಿ. ಅಂಶಕ್ಕೆ N(q) ಎಂದು ಹೆಸರಿಡಿ. ಅದರ ಡೆರಿವೇಟಿವ್ ತೆಗೆಯಿರಿ. ಮೊದಲ ಪದಕ್ಕೆ ಗುಣಲಬ್ಧ ನಿಯಮ ಬೇಕು.

```
N(q)  = q·C'(q) − C(q)
N'(q) = C'(q) + q·C''(q) − C'(q) = q·C''(q)
```

C'(q) ಎರಡು ಸಲ ಬಂದು ಹೊಡೆದುಹೋಯಿತು. ಉಳಿದದ್ದು q·C''(q). ಇದರಲ್ಲಿ C'' ಅಂದರೆ ಸೀಮಾಂತ ವೆಚ್ಚ ಏರುವ ದರ. ಸೀಮಾಂತ ವೆಚ್ಚ ಏರುತ್ತಿರುವಷ್ಟು ಕಾಲ N ಕೂಡ ಏರುತ್ತದೆ.

ಇನ್ನು N ಎಲ್ಲಿಂದ ಶುರುವಾಗುತ್ತದೆ ನೋಡಿ. q ಸೊನ್ನೆ ಇಟ್ಟರೆ ಮೊದಲ ಪದ ಮಾಯ. ಉಳಿಯುವುದು ಋಣ C(0). C(0) ಅಂದರೆ ಏನೂ ಮಾಡದಿದ್ದಾಗಿನ ಖರ್ಚು, ಅದೇ ಸ್ಥಿರ ವೆಚ್ಚ. ಅಂದರೆ N ಸೊನ್ನೆಗಿಂತ ಕೆಳಗೆ, ಸರಿಯಾಗಿ ಸ್ಥಿರ ವೆಚ್ಚದಷ್ಟು ಕೆಳಗೆ ಹುಟ್ಟುತ್ತದೆ. ಸೀಮಾಂತ ವೆಚ್ಚ ಎಲ್ಲ ಕಡೆಯೂ ಏರುತ್ತಿದ್ದರೆ N ಅಲ್ಲಿಂದ ಬರೀ ಮೇಲಕ್ಕೇ ಹೋಗುತ್ತದೆ. ಮೇಲಕ್ಕೇ ಹೋಗುವ ರೇಖೆ ಸೊನ್ನೆಯನ್ನು ಒಮ್ಮೆಗಿಂತ ಹೆಚ್ಚು ದಾಟಲಾರದು. ದಾಟುವ ಮುಂಚೆ AC' ಋಣ, ದಾಟಿದ ಮೇಲೆ ಧನ. ಸರಾಸರಿ ಮೊದಲು ಇಳಿದು ಆಮೇಲೆ ಏರಿತು. ಹಾಗಾದರೆ ದಾಟಿದ ಜಾಗ ತಳವೇ, ಅದೂ ಇರುವ ಒಂದೇ ತಳ. ಸಾಧನೆ ಮುಗಿಯಿತು.

ನಮ್ಮ ತಟ್ಟೆ ಘಟಕದಲ್ಲಿ ಇದನ್ನು ಹಾಕಿ ನೋಡೋಣ.

```
N(q) = q(150 + 8q) − (1600 + 150q + 4q²)
     = 4q² − 1600
N(q) = 0  →  q² = 400  →  q = 20
```

ಹೇಳಿದ ಹಾಗೇ N ಋಣ 1,600ರಿಂದ ಹೊರಟಿತು. q ಇಪ್ಪತ್ತಾದಾಗ, ಅಂದರೆ ದಿನಕ್ಕೆ 2,000 ತಟ್ಟೆಗೆ ಬಂದಾಗ ಸೊನ್ನೆ ಮುಟ್ಟಿತು. ಋಣ 20 ಎಂಬ ಇನ್ನೊಂದು ಉತ್ತರವೂ ಬರುತ್ತದೆ. ತಟ್ಟೆಯ ಸಂಖ್ಯೆ ಋಣ ಆಗಲಾರದು, ಆದ್ದರಿಂದ ಬಿಡಿ. ಈಗ ತಾಳೆ ನೋಡಿ. q = 20ರಲ್ಲಿ ಸರಾಸರಿ ವೆಚ್ಚ 80 + 150 + 80 = 310. ಸೀಮಾಂತ ವೆಚ್ಚ 150 + 160 = 310. ತಟ್ಟೆಗೆ 3 ರೂಪಾಯಿ 10 ಪೈಸೆ. ಇದಕ್ಕಿಂತ ಅಗ್ಗವಾಗಿ ಈ ಘಟಕ ತಟ್ಟೆ ಮಾಡಲಾರದು.

ತಳದ ಎರಡೂ ಬದಿ ನೋಡಿ. ದಿನಕ್ಕೆ 1,000 ತಟ್ಟೆ ಮಾಡಿದರೆ ಸರಾಸರಿ 350, ಸೀಮಾಂತ 230. ಸೀಮಾಂತ ಕೆಳಗಿದೆ, ಹಾಗಾಗಿ ಇನ್ನೂ ಜಾಸ್ತಿ ಮಾಡಿದರೆ ಸರಾಸರಿ ಇಳಿಯುತ್ತದೆ. 4,000 ಮಾಡಿದರೂ ಸರಾಸರಿ ಅದೇ 350! ಆದರೆ ಸೀಮಾಂತ 470. ಅಸಲು ಒಂದೇ ಇದ್ದರೂ ಎರಡು ಜಾಗಗಳ ಸ್ಥಿತಿ ಬೇರೆ ಬೇರೆ. ಮೊದಲನೆಯದರಲ್ಲಿ ಯಂತ್ರ ಸುಮ್ಮನೆ ಕೂತಿದೆ, ಎರಡನೆಯದರಲ್ಲಿ ಜನ ಸುಸ್ತಾಗಿದ್ದಾರೆ. ಬರೀ ಸರಾಸರಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಅಂಕಿ ಬಿಡಿ ಬಿಡಿಯಾಗಿ ಇದ್ದಾಗ

ಲೆಕ್ಕದ ಪುಸ್ತಕದಲ್ಲಿ ಸೂತ್ರ ಇರುವುದಿಲ್ಲ. 19 ನೂರಕ್ಕೆ ಇಷ್ಟು, 20 ನೂರಕ್ಕೆ ಇಷ್ಟು ಎಂಬ ಪಟ್ಟಿ ಇರುತ್ತದೆ. ಆಗ ಸೀಮಾಂತ ವೆಚ್ಚ ಅಂದರೆ ಮುಂದಿನ ಒಂದು ನೂರಕ್ಕೆ ಬಿದ್ದ ಹೆಚ್ಚುವರಿ ಖರ್ಚು. ಇಲ್ಲಿ ಡೆರಿವೇಟಿವ್ ಬೇಡ, ಅಡ್ಡ ಗುಣಾಕಾರ ಸಾಕು. ಈವರೆಗಿನ ಒಟ್ಟು C, ಸಂಖ್ಯೆ n, ಮುಂದಿನದರ ಖರ್ಚು m ಆಗಿರಲಿ.

```
(C + m)/(n + 1) < C/n
nC + nm < nC + C
m < C/n
```

ಹೊಸ ಸರಾಸರಿ ಹಳೆಯದಕ್ಕಿಂತ ಕಡಿಮೆ ಆಗಬೇಕಾದರೆ m ಹಳೆಯ ಸರಾಸರಿಗಿಂತ ಕಡಿಮೆ ಇರಬೇಕು. ಅದೇ ಮಾತು, ಬೇರೆ ಬಟ್ಟೆ.

ಆದರೆ ಒಂದು ವ್ಯತ್ಯಾಸ ನೆನಪಿಡಿ. ಪಟ್ಟಿಯಲ್ಲಿ ಎರಡೂ ಅಂಕಿ ಪಕ್ಕಾ ಸಮನಾಗುವುದು ಅಪರೂಪ. ನಮ್ಮ ಘಟಕದಲ್ಲಿ 19 ನೂರಕ್ಕೆ ಒಟ್ಟು 5,894, 20 ನೂರಕ್ಕೆ 6,200, 21 ನೂರಕ್ಕೆ 6,514 ರೂಪಾಯಿ. ಇಪ್ಪತ್ತನೇ ನೂರಕ್ಕೆ ಬಿದ್ದದ್ದು 306, ಇಪ್ಪತ್ತೊಂದನೆಯದಕ್ಕೆ 314. ಇಪ್ಪತ್ತರ ಸರಾಸರಿ 310 ಇವೆರಡರ ನಡುವೆ ಕೂತಿದೆ. ಪಟ್ಟಿಯಲ್ಲಿ ತಳದ ಗುರುತು ಇದೇ: ಇಲ್ಲಿಗೆ ಬಂದ ಹೆಜ್ಜೆಯ ಖರ್ಚು ಸರಾಸರಿಗಿಂತ ಕಡಿಮೆ, ಮುಂದಿನ ಹೆಜ್ಜೆಯದು ಹೆಚ್ಚು. ಸಮ ಆಗಲಿಲ್ಲ ಎಂದು ಗಾಬರಿಯಾಗಿ ಲೆಕ್ಕ ತಿದ್ದಬೇಡಿ.

ಇದೇ ಅಂಕಿಗಳಲ್ಲಿ ಇನ್ನೊಂದು ವಿಷಯ ಸಿಗುತ್ತದೆ. 19ರಲ್ಲಿ ಸರಾಸರಿ ಸುಮಾರು 310.21, 21ರಲ್ಲಿ ಸುಮಾರು 310.19. ನೂರು ತಟ್ಟೆಗೆ 20 ಪೈಸೆ ವ್ಯತ್ಯಾಸ, ಅಷ್ಟೇ. ತಳದ ಹತ್ತಿರ ರೇಖೆ ಮಟ್ಟವಾಗಿರುವುದರಿಂದ ಹೀಗಾಗುತ್ತದೆ. ಘಟಕ ನಡೆಸುವವರು ಸರಿಯಾಗಿ 2,000ಕ್ಕೇ ಅಂಟಿಕೊಳ್ಳಬೇಕಿಲ್ಲ. 1,000ಕ್ಕೆ ಇಳಿದರೆ ಮಾತ್ರ ಪೆಟ್ಟು ಬೀಳುತ್ತದೆ.

ಬಾಡಿಗೆ ಏರಿದರೆ

ಸ್ಥಿರ ವೆಚ್ಚ 1,600ರಿಂದ 2,500ಕ್ಕೆ ಏರಿತು ಎಂದಿಟ್ಟುಕೊಳ್ಳಿ. ಸೀಮಾಂತ ವೆಚ್ಚದ ರೇಖೆ ಅಲುಗುವುದಿಲ್ಲ, ಯಾಕೆಂದರೆ ಅದರಲ್ಲಿ ಸ್ಥಿರ ವೆಚ್ಚ ಇಲ್ಲ. ಸರಾಸರಿಯ ರೇಖೆ ಮೇಲಕ್ಕೆ ಹೋಗುತ್ತದೆ. N ಈಗ 4q² − 2500, ಸೊನ್ನೆ ಆಗುವುದು q = 25ರಲ್ಲಿ. ಅಲ್ಲಿ ಸರಾಸರಿ 100 + 150 + 100 = 350, ಸೀಮಾಂತ 150 + 200 = 350. ತಳ ಬಲಕ್ಕೂ ಮೇಲಕ್ಕೂ ಸರಿಯಿತು, ಆದರೆ ಸೀಮಾಂತ ವೆಚ್ಚದ ರೇಖೆಯ ಮೇಲೇ ಜಾರಿತು. ಬಾಡಿಗೆ ಜಾಸ್ತಿಯಾದಷ್ಟೂ ಅದನ್ನು ಹಂಚಿಕೊಳ್ಳಲು ಹೆಚ್ಚು ತಟ್ಟೆ ಬೇಕು ಎನ್ನುವುದು ಇದೇ.

ಇದರ ಇನ್ನೊಂದು ಕೊನೆ: ಸ್ಥಿರ ವೆಚ್ಚ ಬಿಟ್ಟು ಬದಲಾಗುವ ವೆಚ್ಚವನ್ನು ಮಾತ್ರ ಸರಾಸರಿ ಮಾಡಿದರೂ ಅದೇ ಸಾಧನೆ ಸಾಗುತ್ತದೆ. ಎರಡರ ಡೆರಿವೇಟಿವ್ ಒಂದೇ ತಾನೆ. ಹಾಗಾಗಿ ಪುಸ್ತಕದ ಚಿತ್ರದಲ್ಲಿ ಒಂದೇ ಸೀಮಾಂತ ರೇಖೆ ಎರಡು ಸರಾಸರಿ ರೇಖೆಗಳನ್ನೂ ಅವುಗಳ ತಳದಲ್ಲೇ ಕತ್ತರಿಸುತ್ತದೆ.

ತಪ್ಪುವ ಜಾಗಗಳು

ಮೊದಲನೆಯದು, ಅಂಶದ ಕ್ರಮ. ತಿರುಗಿಸಿ C − q·C' ಎಂದು ಬರೆದರೂ ಸಮನಾಗುವ ಜಾಗ ಸರಿಯಾಗೇ ಬರುತ್ತದೆ. ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಚಿಹ್ನೆ ತಲೆಕೆಳಗಾಗಿ ತಳ ಇರುವ ಕಡೆ ತುದಿ ಕಾಣುತ್ತದೆ. ಪರೀಕ್ಷಿಸುವುದು ಸುಲಭ: ತುಂಬ ಸಣ್ಣ q ಇಟ್ಟು ನೋಡಿ. ಸ್ಥಿರ ವೆಚ್ಚ ಇದ್ದರೆ ಅಂಶ ಋಣ ಬರಲೇಬೇಕು.

ಎರಡನೆಯದು ಹೆಚ್ಚು ಸಾಮಾನ್ಯ. ಸರಾಸರಿಯ ತಳ ಕೇಳಿದಾಗ ಸೀಮಾಂತ ವೆಚ್ಚದ ತಳ ಹುಡುಕುವುದು. ಪರೀಕ್ಷೆಗಳಲ್ಲಿ ಬರುವಂಥ ಒಂದು ಘನ ಸಮೀಕರಣ ತೆಗೆದುಕೊಳ್ಳಿ.

```
C(q) = q³ − 6q² + 15q
MC   = 3q² − 12q + 15
AC   = q² − 6q + 15
N(q) = 2q³ − 6q² = 2q²(q − 3)
```

ಸೀಮಾಂತದ ಡೆರಿವೇಟಿವ್ 6q − 12 ಸೊನ್ನೆ ಆಗುವುದು q = 2ರಲ್ಲಿ. ಅಲ್ಲಿ ಸೀಮಾಂತ 3, ಸರಾಸರಿ 7. ಸೀಮಾಂತ ಇನ್ನೂ ಕೆಳಗಿದೆ, ಆದ್ದರಿಂದ ಸರಾಸರಿ ಇನ್ನೂ ಇಳಿಯಬೇಕು. ಅದರ ತಳ q = 3ರಲ್ಲಿ, ಎರಡೂ 6. ಸೀಮಾಂತ ವೆಚ್ಚ ಮೊದಲು ತನ್ನ ತಳ ಮುಟ್ಟಿ, ಏರುತ್ತಾ ಬಂದು ಸರಾಸರಿಯನ್ನು ಹಿಡಿಯುತ್ತದೆ. ಇಲ್ಲಿ q = 0 ಕೂಡ N ಅನ್ನು ಸೊನ್ನೆ ಮಾಡುತ್ತದೆ. ಆದರೆ ಸರಾಸರಿ ವೆಚ್ಚಕ್ಕೆ ಅಲ್ಲಿ ಅರ್ಥವಿಲ್ಲ, ಸೊನ್ನೆಯಿಂದ ಭಾಗಿಸಲಾಗದು.

ಮೂರನೆಯದು, ತಳ ಇದ್ದೇ ಇರುತ್ತದೆ ಎಂದು ನಂಬುವುದು. ವೆಚ್ಚ 1600 + 150q ಮಾತ್ರ ಆಗಿದ್ದರೆ N ಎಲ್ಲ ಕಡೆಯೂ ಋಣ 1,600. ಅದು ಸೊನ್ನೆ ಮುಟ್ಟುವುದೇ ಇಲ್ಲ. ಸರಾಸರಿ 150ರ ಹತ್ತಿರ ಹತ್ತಿರ ಬರುತ್ತಾ ಕೊನೆಯಿಲ್ಲದೆ ಇಳಿಯುತ್ತದೆ. ನೀರಿನ ಕೊಳವೆ, ವಿದ್ಯುತ್ ತಂತಿಯ ಜಾಲದಂಥ ಉದ್ಯಮಗಳು ಇದಕ್ಕೆ ಹತ್ತಿರ. ಅಲ್ಲಿ ಮೊದಲ ಖರ್ಚು ಭಾರಿ, ಒಬ್ಬ ಗ್ರಾಹಕನನ್ನು ಸೇರಿಸುವ ಖರ್ಚು ಅದಕ್ಕೆ ಹೋಲಿಸಿದರೆ ಚಿಕ್ಕದು.

ನಾಲ್ಕನೆಯದು ಲೆಕ್ಕದ ತಪ್ಪಲ್ಲ, ಅರ್ಥದ ತಪ್ಪು. ಅಸಲು ಕಡಿಮೆ ಇರುವ ಕಡೆಯೇ ಲಾಭ ಹೆಚ್ಚು ಅಂದುಕೊಳ್ಳುವುದು. ನೂರು ತಟ್ಟೆಗೆ ಮಾರುಕಟ್ಟೆಯಲ್ಲಿ 350 ರೂಪಾಯಿ ಸಿಗುತ್ತದೆ ಎನ್ನಿ. ಮೊದಲಿನ ಬಾಡಿಗೆಯಲ್ಲಿ 2,000 ತಟ್ಟೆ ಮಾಡಿದರೆ ನೂರಕ್ಕೆ ಲಾಭ 40, ದಿನಕ್ಕೆ 800. ಆದರೆ ಅಲ್ಲಿ ಸೀಮಾಂತ ವೆಚ್ಚ 310 ಮಾತ್ರ. ಮುಂದಿನ ನೂರು ಮಾಡಿದರೂ ಖರ್ಚಿಗಿಂತ ಹೆಚ್ಚು ಹಣ ಬರುತ್ತದೆ. ಸೀಮಾಂತ ವೆಚ್ಚ 350 ಮುಟ್ಟುವುದು q = 25ರಲ್ಲಿ. ಅಲ್ಲಿ ಸರಾಸರಿ 314ಕ್ಕೆ ಏರಿರುತ್ತದೆ, ನೂರಕ್ಕೆ ಲಾಭ 36ಕ್ಕೆ ಇಳಿದಿರುತ್ತದೆ. ಆದರೂ ದಿನದ ಲಾಭ 900. ತಳದ 310 ಬೇರೆ ಕೆಲಸಕ್ಕೆ ಬೇಕು: ಬೆಲೆ ಅದಕ್ಕಿಂತ ಕೆಳಗಿಳಿದರೆ ಎಷ್ಟೇ ತಟ್ಟೆ ಮಾಡಿದರೂ ಈ ಘಟಕಕ್ಕೆ ನಷ್ಟ.

ಸೂತ್ರ ಗೊತ್ತಿದ್ದರೆ ಬಿಡಿಸಬಹುದಾದ ಒಂದು ಹಳೆಯ ಜಗಳ

1931ರಲ್ಲಿ ಜೇಕಬ್ ವೈನರ್ ಎಂಬ ಅರ್ಥಶಾಸ್ತ್ರಜ್ಞರು ವೆಚ್ಚದ ರೇಖೆಗಳ ಮೇಲೆ ಒಂದು ಪ್ರಬಂಧ ಬರೆದರು. ಬೇರೆ ಬೇರೆ ಗಾತ್ರದ ಕಾರ್ಖಾನೆಗಳಿಗೆ ಬೇರೆ ಬೇರೆ ಅಲ್ಪಾವಧಿ ಸರಾಸರಿ ರೇಖೆಗಳು. ಅವೆಲ್ಲದರ ಕೆಳಗೆ ಒಂದು ದೀರ್ಘಾವಧಿ ರೇಖೆ. ಈ ದೊಡ್ಡ ರೇಖೆ ಪ್ರತಿ ಸಣ್ಣ ರೇಖೆಯ ತಳವನ್ನೂ ಮುಟ್ಟಬೇಕು, ಆದರೆ ಯಾವ ಸಣ್ಣ ರೇಖೆಗಿಂತಲೂ ಮೇಲೆ ಹೋಗಬಾರದು ಎಂದು ಅವರು ಚಿತ್ರ ಬರೆಯುತ್ತಿದ್ದ ವಾಂಗ್ ಎಂಬುವರಿಗೆ ಹೇಳಿದರು. ವಾಂಗ್ ಗಣಿತ ಬಲ್ಲವರು. ಹಾಗೆ ಬರೆಯಲು ಆಗುವುದಿಲ್ಲ ಎಂದು ಪಟ್ಟು ಹಿಡಿದರು. ಅವರು ಹೇಳಿದ್ದೇ ಸರಿಯಾಗಿತ್ತು. ಮುಂದೆ ವೈನರ್ ತಪ್ಪನ್ನು ಒಪ್ಪಿಕೊಂಡು, ಮುಂದಿನ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಅದನ್ನು ಕಂಡುಹಿಡಿಯುವ ಖುಷಿ ಪಡಲಿ ಎಂದು ಚಿತ್ರವನ್ನು ಹಾಗೇ ಬಿಟ್ಟರು.

ನಮ್ಮ ಸೂತ್ರದಿಂದ ವಾಂಗ್ ಪರ ವಾದಿಸುವುದು ಹೀಗೆ. ದಾಟದೆ ಮುಟ್ಟುವ ಎರಡು ನಯವಾದ ರೇಖೆಗಳಿಗೆ ಮುಟ್ಟಿದ ಜಾಗದಲ್ಲಿ ಇಳಿಜಾರು ಒಂದೇ ಇರಬೇಕು. ದೊಡ್ಡ ರೇಖೆ ಇಳಿಯುತ್ತಿರುವ ಭಾಗದಲ್ಲಿ ಆ ಇಳಿಜಾರು ಋಣ. ಹಾಗಾದರೆ ಅಲ್ಲಿ ಸಣ್ಣ ರೇಖೆಯ AC' ಕೂಡ ಋಣ. AC' ಋಣ ಎಂದರೆ ಆ ಕಾರ್ಖಾನೆಯ ಸೀಮಾಂತ ವೆಚ್ಚ ಅದರ ಸರಾಸರಿಗಿಂತ ಕಡಿಮೆ, ಅದಿನ್ನೂ ತನ್ನ ತಳಕ್ಕೆ ಬಂದಿಲ್ಲ. ಎರಡೂ ರೇಖೆ ತಮ್ಮ ತಳದಲ್ಲೇ ಮುಟ್ಟುವುದು ದೊಡ್ಡ ರೇಖೆಯ ತಳದಲ್ಲಿ ಮಾತ್ರ. ಅಲ್ಲಿ ಅಲ್ಪಾವಧಿ ಮತ್ತು ದೀರ್ಘಾವಧಿಯ ಸರಾಸರಿ, ಸೀಮಾಂತ ನಾಲ್ಕೂ ಒಂದೇ ಅಂಕಿಯಲ್ಲಿ ಕೂಡುತ್ತವೆ.